ಮಾತು ಮಂಕಾದಾಗ: ಇಯರ್‌ಪೀಸಿನ ಸಣ್ಣ ಸೀಳಿನ ಕತೆ

ಅಂಗಡಿಯವರು ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದಾರೆ. ಆ ಕಡೆಯವರು ಹೇಳಿದ್ದು 'ತೊಂಬತ್ತು', ಈ ಕಡೆ ಕಿವಿಗೆ ಬಿದ್ದದ್ದು 'ಒಂಬತ್ತು'. ದನಿ ಬರುತ್ತಿದೆ, ಮಾತಾಡುತ್ತಿರುವವರು ಯಾರೆಂದೂ ಗೊತ್ತಾಗುತ್ತಿದೆ. ಆದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಅಕ್ಷರಗಳೆಲ್ಲ ಮಸುಕು. ವಾಲ್ಯೂಮ್ ಪೂರ್ತಿ ಏರಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ. ಕೊನೆಗೆ ಸ್ಪೀಕರ್ ಆನ್ ಮಾಡಿ, ಮನೆಯ ಮಾತನ್ನೆಲ್ಲ ಬೀದಿಗೆ ಕೇಳಿಸುತ್ತಾ ಮಾತಾಡುವುದು ರೂಢಿಯಾಗುತ್ತದೆ.

ಇಂಥ ಫೋನ್ ಕೈಯಲ್ಲಿದ್ದವರು ಸಾಮಾನ್ಯವಾಗಿ ದೂರುವುದು ನೆಟ್‌ವರ್ಕನ್ನು. ಅದು ಸರಿಯಿದೆ ಎಂದಾದರೆ 'ಸ್ಪೀಕರ್ ಹೋಗಿದೆ' ಎನ್ನುತ್ತಾರೆ, ಇಲ್ಲವೇ 'ಫೋನ್ ಹಳೇದಾಯ್ತು, ಬದಲಿಸಬೇಕು' ಎಂದು ಹೊರಡುತ್ತಾರೆ. ಇವೆಲ್ಲ ನಿಜ ಇರಲೂಬಹುದು. ಆದರೆ ಅಷ್ಟು ದೂರ ಹೋಗುವ ಮೊದಲು ಕಣ್ಣಿಟ್ಟು ನೋಡಬೇಕಾದ ಜಾಗ ಒಂದಿದೆ. ಫೋನಿನ ಪರದೆಯ ನೆತ್ತಿಯಲ್ಲಿ, ಗಾಜು ಮುಗಿದು ಫ್ರೇಮ್ ಶುರುವಾಗುವ ಅಂಚಿನಲ್ಲಿ ಇರುವ ಕೂದಲೆಳೆಯಂಥ ಸೀಳು. ಆ ಕಡೆಯವರ ಮಾತು ಕಿವಿಗೆ ಬರುವುದು ಅಲ್ಲಿಂದಲೇ. ಅದು ಮುಚ್ಚಿಕೊಂಡರೆ ಒಳಗಿನ ಸ್ಪೀಕರ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಸೀಳಿನ ಹಿಂದೆ ಏನಿದೆ

ಹತ್ತು ವರ್ಷದ ಹಿಂದಿನ ಫೋನುಗಳಲ್ಲಿ ಇಯರ್‌ಪೀಸಿನ ಕಿಂಡಿ ಕಣ್ಣಿಗೆ ಎದ್ದು ಕಾಣುತ್ತಿತ್ತು. ಪರದೆಯ ಮೇಲೆ ಅಗಲವಾದ ಪಟ್ಟಿ, ಅದರ ನಡುವೆ ಜಾಲರಿ ಹಾಕಿದ ಉದ್ದನೆಯ ರಂಧ್ರ. ಪರದೆ ದೊಡ್ಡದಾಗುತ್ತಾ ಬಂದಂತೆ ಆ ಪಟ್ಟಿ ಕರಗಿತು, ರಂಧ್ರ ತುದಿಗೆ ಸರಿಯಿತು. ಈಗಿನ ಎಷ್ಟೋ ಫೋನುಗಳಲ್ಲಿ ಅದರ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಕೆಲವರಿಗೆ ತಮ್ಮ ಫೋನಿನಲ್ಲಿ ಅದು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಸೀಳಿನ ಒಳಗೆ ಮೊದಲು ಸಿಗುವುದು ಜಾಲರಿ. ರಿಪೇರಿಯವರ ಬಾಯಲ್ಲಿ ಇದು 'ಮೆಶ್'. ಲೋಹದ ಇಲ್ಲವೇ ಬಟ್ಟೆಯ ಅತಿ ಸಣ್ಣ ಹೆಣಿಗೆಯ ಈ ತುಂಡನ್ನು ಅಂಟಿನಿಂದ ಕೂರಿಸಿರುತ್ತಾರೆ. ಧೂಳು ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದರ ಹಿಂದೆ ರಿಸೀವರ್ ಎಂದು ಕರೆಯುವ ಪುಟ್ಟ ಸ್ಪೀಕರ್. ಅಯಸ್ಕಾಂತದ ಪಕ್ಕದಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ತೆಳುವಾದ ಪೊರೆ. ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಪೊರೆ ಅದುರುತ್ತದೆ, ಗಾಳಿ ಅದುರುತ್ತದೆ, ಆ ಅದುರು ಜಾಲರಿಯ ಕಣ್ಣುಗಳ ಮೂಲಕ ಹೊರಬಂದು ಮಾತಾಗುತ್ತದೆ.

ಜಾಲರಿ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಕೊಳೆ ಅದರ ಮೇಲೆಯೇ ಉಳಿಯುತ್ತದೆ. ಫೋನನ್ನು ಕಿವಿಗೆ ಒತ್ತಿ ಹಿಡಿದಾಗ ಚರ್ಮದ ಎಣ್ಣೆ, ಬೆವರು, ಕಿವಿಯ ಗುಗ್ಗೆ, ಮುಖಕ್ಕೆ ಹಚ್ಚಿದ ಪೌಡರು, ಕ್ರೀಮು ಎಲ್ಲವೂ ಅಲ್ಲಿಗೆ ತಾಗುತ್ತವೆ. ಬರೀ ಒಣ ಧೂಳಾದರೆ ಕೊಡವಿದರೆ ಉದುರೀತು. ಜಿಡ್ಡಿನ ಮೇಲೆ ಕೂತ ಧೂಳು ಹಾಗಲ್ಲ. ಜೇಬಿನ ಬಟ್ಟೆಯ ನೂಲೆಳೆಗಳೂ ಸೇರಿ ಅದು ನಿಧಾನಕ್ಕೆ ಗಟ್ಟಿ ಪದರವಾಗುತ್ತದೆ.

ಆಗ ದನಿ ಕುಗ್ಗುವುದಕ್ಕಿಂತ ಮೊದಲು ಮಂಕಾಗುತ್ತದೆ. ಮಾತಿನಲ್ಲಿ ಸ್ವರಗಳ ಬಲ ಹೆಚ್ಚಾಗಿ ಇರುವುದು ಕಡಿಮೆ ಕಂಪನಾಂಕದಲ್ಲಿ. ತ, ಕ, ಸ, ಶ, ಫ ಮುಂತಾದ ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡುವ ಸೂಕ್ಷ್ಮ ಸದ್ದು ಇರುವುದು ಎತ್ತರದ ಕಂಪನಾಂಕದಲ್ಲಿ, ಸುಮಾರು 2,000 ಹರ್ಟ್ಸ್‌ನಿಂದ ಮೇಲಕ್ಕೆ. ಅರ್ಧ ಮುಚ್ಚಿದ ಜಾಲರಿ ಮೊದಲು ನುಂಗುವುದು ಈ ಎತ್ತರದ ಸದ್ದನ್ನೇ. ಹಾಗಾಗಿ 'ತೊಂಬತ್ತು' ಎಂಬಲ್ಲಿ ಮೊದಲಿನ ತಕಾರ ಹೋಗಿ, ಉಳಿದದ್ದು 'ಒಂಬತ್ತು' ಆಗುತ್ತದೆ. ವಾಲ್ಯೂಮ್ ಏರಿಸಿದರೆ ಜಾಸ್ತಿಯಾಗುವುದು ಈಗಾಗಲೇ ಕೇಳುತ್ತಿರುವ ಸ್ವರ, ಕಳೆದುಹೋದ ವ್ಯಂಜನ ಮರಳಿ ಬರುವುದಿಲ್ಲ.

ಹಳೆಯ ಟೆಲಿಫೋನ್ ವ್ಯವಸ್ಥೆ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ. ಈಗ 4ಜಿ ಜಾಲದ ವೋಲ್ಟಿ ಕರೆಗಳಲ್ಲಿ ಬಳಸುವ ಎಚ್‌ಡಿ ವಾಯ್ಸ್ 7,000 ಹರ್ಟ್ಸ್‌ವರೆಗೂ ಹೋಗುತ್ತದೆ. ಸಕಾರ ಶಕಾರಗಳು ಇಂದಿನ ಕರೆಗಳಲ್ಲಿ ಅಷ್ಟು ಸ್ಪಷ್ಟವಾಗಿ ಕೇಳುವುದು ಇದರಿಂದಲೇ. ಜಾಲ ಅಷ್ಟು ದೂರದಿಂದ ಹೊತ್ತು ತಂದದ್ದು ಕಿವಿಗೆ ಒಂದು ಸೆಂಟಿಮೀಟರ್ ದೂರದಲ್ಲಿ ಕೊಳೆಗೆ ಸಿಕ್ಕಿ ನಿಂತುಬಿಡುತ್ತದೆ.

ತಪ್ಪು ಯಾರದ್ದೆಂದು ತಿಳಿಯುವ ಬಗೆ

ಶುಚಿ ಮಾಡಲು ಕೈಹಾಕುವ ಮೊದಲು ತೊಂದರೆ ಇಯರ್‌ಪೀಸಿನದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಯಾವ ಉಪಕರಣವೂ ಬೇಡ, ವಾಟ್ಸ್‌ಆ್ಯಪ್ ಸಾಕು.

ವಾಟ್ಸ್‌ಆ್ಯಪಿನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯವಿದೆ. ಅಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಒಂದನ್ನು ರೆಕಾರ್ಡ್ ಮಾಡಬೇಕು. ಒಂದರಿಂದ ನೂರರವರೆಗಿನ ಕೆಲವು ಅಂಕಿ, ಸ ಮತ್ತು ಶ ಇರುವ ನಾಲ್ಕು ಹೆಸರು, ಇಷ್ಟನ್ನು ಸಹಜ ದನಿಯಲ್ಲಿ ಹೇಳಿದರೆ ಆಯಿತು. ಮೊದಲು ಅದನ್ನು ಫೋನ್ ಕೈಯಲ್ಲಿಟ್ಟುಕೊಂಡೇ ಕೇಳಬೇಕು, ಆಗ ದನಿ ಬರುವುದು ಲೌಡ್‌ಸ್ಪೀಕರಿನಿಂದ. ಆಮೇಲೆ ಅದೇ ಮೆಸೇಜನ್ನು ಪ್ಲೇ ಮಾಡಿ ಫೋನನ್ನು ಕಿವಿಗೆ ಹಿಡಿಯಬೇಕು. ಕಿವಿ ಹತ್ತಿರ ಬಂದದ್ದನ್ನು ಫೋನಿನ ಸೆನ್ಸರ್ ಗುರುತಿಸುತ್ತದೆ, ಪರದೆ ಕಪ್ಪಾಗುತ್ತದೆ, ದನಿ ಇಯರ್‌ಪೀಸಿಗೆ ಬದಲಾಗುತ್ತದೆ.

ಈಗ ಲೆಕ್ಕ ಸುಲಭ. ಕೈಯಲ್ಲಿದ್ದಾಗ ಸ್ಪಷ್ಟ, ಕಿವಿಗೆ ಹಿಡಿದಾಗ ಮಂಕು ಎಂದಾದರೆ ತೊಂದರೆ ಇಯರ್‌ಪೀಸಿನ ದಾರಿಯಲ್ಲಿದೆ. ಎರಡೂ ಕಡೆ ಸ್ಪಷ್ಟವಾಗಿದ್ದು, ಕರೆ ಬಂದಾಗ ಮಾತ್ರ ಮಂಕಾದರೆ ಅದು ನೆಟ್‌ವರ್ಕಿನ ತೊಂದರೆ, ಅಥವಾ ಆ ಕಡೆಯವರ ಮೈಕಿನದು. ಒಬ್ಬರದ್ದೇ ಕರೆ ಮಂಕಾಗಿ ಕೇಳುತ್ತಿದ್ದರೆ ಫೋನ್ ಶುಚಿ ಮಾಡಬೇಕಾದವರು ಅವರು. ಎರಡೂ ಕಡೆ ಮಂಕಾಗಿದ್ದರೆ ರೆಕಾರ್ಡ್ ಮಾಡಿದ ಸ್ವಂತ ಮೈಕೇ ಕಟ್ಟಿಕೊಂಡಿದೆ. ಈ ವಾಯ್ಸ್ ಮೆಸೇಜನ್ನು ಅಳಿಸದೆ ಇಟ್ಟುಕೊಂಡರೆ ಶುಚಿ ಮಾಡಿದ ಮೇಲೆ ಫಲ ಎಷ್ಟೆಂದು ಹೋಲಿಸಿ ನೋಡಬಹುದು.

ಕೆಲವು ಫೋನುಗಳಲ್ಲಿ ಇನ್ನೂ ನೇರವಾದ ಪರೀಕ್ಷೆಯಿದೆ. ಸ್ಯಾಮ್‌ಸಂಗ್ ಫೋನಿನ ಡಯಲರ್‌ನಲ್ಲಿ `*#0*#` ಒತ್ತಿದರೆ ಹಲವು ಮಾದರಿಗಳಲ್ಲಿ ಹಾರ್ಡ್‌ವೇರ್ ಪರೀಕ್ಷೆಯ ಪುಟ ತೆರೆಯುತ್ತದೆ. ಅದರಲ್ಲಿ `Receiver` ಎಂಬುದನ್ನು ಒತ್ತಿದರೆ ಇಯರ್‌ಪೀಸಿನಿಂದ ಒಂದೇ ಸಮನೆ ಸದ್ದು ಬರುತ್ತದೆ. ಶಿಯೋಮಿ, ರೆಡ್‌ಮಿ ಫೋನುಗಳಲ್ಲಿ ಇದೇ ಬಗೆಯ ಪುಟಕ್ಕೆ `*#*#6484#*#*`. ಸದ್ದು ಬಂದರೆ ಸ್ಪೀಕರಿಗೆ ಜೀವವಿದೆ ಎಂದರ್ಥ.

ತೊಂದರೆ ಶುರುವಾದ ರೀತಿಯೂ ಸುಳಿವು ಕೊಡುತ್ತದೆ. ಕೊಳೆಯ ತೊಂದರೆ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಏರುತ್ತದೆ. ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸಿದ ದಿನದಿಂದಲೇ ಶುರುವಾದರೆ ಗ್ಲಾಸನ್ನೇ ನೋಡಬೇಕು. ಮಳೆಯಲ್ಲಿ ನೆನೆದ ಮೇಲೆ ಶುರುವಾದರೆ ಜಾಲರಿಯ ಕಣ್ಣುಗಳಲ್ಲಿ ನೀರಿನ ಪೊರೆ ನಿಂತಿರುತ್ತದೆ. ಸೀಳು ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆತ್ತಗೆ ತಟ್ಟಿ, ಗಾಳಿಯಾಡುವ ಕಡೆ ಇಟ್ಟರೆ ಸಾಕು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿ ಬೇಡ, ಅಕ್ಕಿಯ ನುಚ್ಚು, ಪುಡಿ ಒಳಹೋಗಿ ಹಾನಿ ಮಾಡಬಹುದೆಂದು ಆ್ಯಪಲ್ ಕಂಪನಿಯೇ ತನ್ನ ಬಳಕೆದಾರರಿಗೆ ಹೇಳಿದೆ. ಸದ್ದು ಬಿರುಕು ಬಿಟ್ಟಂತೆ ಗರಗರ ಎನ್ನುತ್ತಿದ್ದರೆ ಪೊರೆಗೇ ಪೆಟ್ಟು ಬಿದ್ದಿರಬಹುದು. ಮಾತು ತುಂಡುತುಂಡಾಗಿ ಬಂದರೆ ಅದು ನೆಟ್‌ವರ್ಕ್.

ಇನ್ನೊಂದು ಸಣ್ಣ ವಿಷಯ. ಸೀಳು ತುದಿಗೆ ಸರಿದಿರುವುದರಿಂದ, ಹಳೆಯ ಅಭ್ಯಾಸದಂತೆ ಪರದೆಯ ಮೇಲ್ಭಾಗವನ್ನು ಕಿವಿಗೆ ಹಿಡಿದರೆ ಸೀಳು ಕಿವಿಯ ರಂಧ್ರಕ್ಕಿಂತ ಮೇಲೆ, ಕೂದಲಿನ ಹತ್ತಿರ ಹೋಗಿಬಿಡುತ್ತದೆ. ಫೋನನ್ನು ಒಂದು ಸೆಂಟಿಮೀಟರ್ ಕೆಳಗಿಳಿಸಿ ಹಿಡಿದಾಗ ದನಿ ತಟ್ಟನೆ ಸ್ಪಷ್ಟವಾದರೆ ಬೇರೇನೂ ಮಾಡಬೇಕಾಗಿಲ್ಲ.

ಗ್ಲಾಸಿನ ತಂಟೆ

ಟೆಂಪರ್ಡ್ ಗ್ಲಾಸಿನಿಂದ ಆಗುವ ತೊಂದರೆ ಮೂರು ಬಗೆಯದು. ಮೊದಲನೆಯದು ಜರುಗಿ ಕೂತ ಗ್ಲಾಸು. ಸೀಳೇ ಒಂದು ಮಿಲಿಮೀಟರ್ ಇರುವಾಗ ಗ್ಲಾಸ್ ಅರ್ಧ ಮಿಲಿಮೀಟರ್ ಮೇಲೆ ಸರಿದರೂ ದಾರಿ ಅರ್ಧ ಮುಚ್ಚಿತು. ಬೇರೆ ಮಾದರಿಯ ಗ್ಲಾಸನ್ನು 'ಇದೂ ಆಗತ್ತೆ' ಎಂದು ಹಾಕಿದರೆ ಹೀಗಾಗುವುದು ಹೆಚ್ಚು. ಎರಡನೆಯದು, ಗ್ಲಾಸಿನಲ್ಲೇ ಇಯರ್‌ಪೀಸಿನ ಜಾಗಕ್ಕೆ ಜಾಲರಿ ಕೂರಿಸಿದ ಬಗೆ. ಧೂಳು ತಡೆಯುವ ಜಾಲರಿ ಎಂದು ಮಾರುವ ಇದು ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಈಗ ಕಟ್ಟಿಕೊಳ್ಳಲು ಒಂದರ ಬದಲು ಎರಡು ಜಾಲರಿ ಆಯಿತು. ಸಮಾಧಾನವೆಂದರೆ, ಇಲ್ಲಿ ಗ್ಲಾಸ್ ಬದಲಿಸಿದರೆ ಹೊರಗಿನ ಜಾಲರಿಯೂ ಬದಲಾಯಿತು.

ಮೂರನೆಯದು ಹೆಚ್ಚು ಅಪಾಯದ್ದು. ಅಂಚು ಬಾಗಿದ ಪರದೆಗಳಿಗೆ ಯುವಿ ಗ್ಲಾಸ್ ಹಾಕುವಾಗ ಪರದೆಯ ಮೇಲೆ ದ್ರವದ ಗಮ್ ಸುರಿದು, ಗ್ಲಾಸ್ ಇಟ್ಟು, ನೇರಳಾತೀತ ದೀಪದಿಂದ ಗಟ್ಟಿ ಮಾಡುತ್ತಾರೆ. ಗಮ್ ಹೆಚ್ಚಾದರೆ ಅಂಚಿನಿಂದ ಸೋರಿ ಇಯರ್‌ಪೀಸಿನ ಸೀಳಿಗೆ, ಬಟನ್‌ಗಳ ಸಂದಿಗೆ ಇಳಿಯುತ್ತದೆ. ದೀಪದ ಬೆಳಕಿಗೆ ಅಲ್ಲೇ ಗಟ್ಟಿಯಾಗುತ್ತದೆ. ಜಾಲರಿಯ ಮೇಲೆ ಗಟ್ಟಿಯಾದ ಗಮ್ಮನ್ನು ಮನೆಯಲ್ಲಿ ತೆಗೆಯುವ ದಾರಿಯಿಲ್ಲ, ಜಾಲರಿಯನ್ನೇ ಬದಲಿಸಬೇಕಾಗುತ್ತದೆ. 2024ರಲ್ಲಿ ಶಿಯೋಮಿ ಕಂಪನಿ ಇಂಥ ದ್ರವ ಗಮ್ಮಿನ ಗ್ಲಾಸುಗಳನ್ನು ಬಳಸಬೇಡಿ ಎಂದು ಗ್ರಾಹಕರಿಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿತು. ಗಮ್ ಒಳಹೋಗಿ ಬಟನ್ ಕೆಡುವುದು, ಸ್ಪೀಕರಿನ ಸದ್ದು ಹಾಳಾಗುವುದು ಅದು ಪಟ್ಟಿ ಮಾಡಿದ ತೊಂದರೆಗಳಲ್ಲಿದ್ದವು.

ಹೊಚ್ಚಹೊಸ ಫೋನಿನಲ್ಲಿ ದನಿ ಮಂಕಾಗಿದ್ದರೆ ಇನ್ನೂ ಸರಳವಾದ ಕಾರಣ ಇರಬಹುದು. ಪೆಟ್ಟಿಗೆಯಿಂದ ತೆಗೆದಾಗ ಪರದೆಯ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು 'ಇರಲಿ ಬಿಡು, ಗೀರು ಬೀಳದು' ಎಂದು ಹಾಗೇ ಉಳಿಸಿಕೊಳ್ಳುವವರಿದ್ದಾರೆ. ಸಾಗಾಟದ ರಕ್ಷಣೆಗೆಂದು ಅಂಟಿಸಿದ ಹಾಳೆ ಇಯರ್‌ಪೀಸನ್ನೂ ಮುಚ್ಚಿರಬಹುದು. ಪುಸ್ತಕದಂತೆ ಮಡಚುವ ಫ್ಲಿಪ್ ಕವರನ್ನು ಮುಚ್ಚಿಕೊಂಡೇ ಮಾತಾಡುವವರೂ ಕವರಿನ ಕಿಂಡಿ ಸೀಳಿನ ನೇರಕ್ಕಿದೆಯೇ ಎಂದು ನೋಡಬೇಕು.

ಗಿರಣಿಯ ಫೋನ್ ಒಂದರ ಉದಾಹರಣೆ

ರಾಗಿ, ಗೋಧಿ ಬೀಸುವ ಹಿಟ್ಟಿನ ಗಿರಣಿಯೊಂದನ್ನು ಕಣ್ಣಮುಂದೆ ತಂದುಕೊಳ್ಳೋಣ. ಗಿರಣಿಯವರ ಫೋನ್ ಇರುವುದು ಅಂಗಿಯ ಜೇಬಿನಲ್ಲಿ, ನೆತ್ತಿ ಮೇಲಾಗಿ. ಗಾಳಿಯಲ್ಲಿ ತೇಲುವ ಹಿಟ್ಟು ದಿನವಿಡೀ ನೇರವಾಗಿ ಸೀಳಿನ ಮೇಲೆ ಇಳಿಯುತ್ತದೆ. ಬೆವರಿದ ಕಿವಿಗೆ ಹಿಡಿದಾಗ ಆ ಹಿಟ್ಟು ಒದ್ದೆಯಾಗುತ್ತದೆ, ಮತ್ತೆ ಒಣಗುತ್ತದೆ. ಎರಡು ವರ್ಷದ ಫೋನ್, ಆರು ತಿಂಗಳ ಹಿಂದೆ ಹಾಕಿಸಿದ ಗ್ಲಾಸ್. ಆರ್ಡರ್ ಕೇಳಿಸುವುದಿಲ್ಲ ಎಂಬುದು ದೂರು.

ವಾಯ್ಸ್ ಮೆಸೇಜ್ ಪರೀಕ್ಷೆ ಮಾಡಿದರೆ ಕೈಯಲ್ಲಿ ಸ್ಪಷ್ಟ, ಕಿವಿಯಲ್ಲಿ ಮಂಕು. ಮನೆಯ ಇನ್ನೊಬ್ಬರು ಕಿವಿಗಿಟ್ಟುಕೊಂಡರೂ ಹಾಗೇ. ಅಂದರೆ ಇಯರ್‌ಪೀಸಿನದ್ದೇ ತೊಂದರೆ. ಮುಂದಿನ ಹೆಜ್ಜೆ ಬೆಳಕು. ಇನ್ನೊಂದು ಫೋನಿನ ಟಾರ್ಚನ್ನು ಮೇಲಿನಿಂದಲ್ಲ, ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ಸೀಳಿನೊಳಗಿನ ಜಾಲರಿ ಶುಚಿಯಾಗಿದ್ದರೆ ಕಪ್ಪಾಗಿ, ಹೆಣಿಗೆಯ ಕಣ್ಣುಗಳು ಮಿಣುಕಿದಂತೆ ಕಾಣುತ್ತವೆ. ಗಿರಣಿಯ ಫೋನಿನಲ್ಲಿ ಕಾಣುವುದು ಬೂದುಬಿಳಿ ಬಣ್ಣದ ಪದರ, ಮೂಲೆಗಳಲ್ಲಿ ಗಟ್ಟಿಯಾದ ಅಂಚು. ಅದರ ಜೊತೆಗೆ ಗ್ಲಾಸಿನ ಮೇಲಂಚು ಸೀಳಿನ ಮೇಲೆ ತುಸು ಏರಿ ಕೂತಿದೆ, ಅದರ ಅಡಿಯಲ್ಲೂ ಹಿಟ್ಟು.

ಗ್ಲಾಸ್ ಮೇಲಿಟ್ಟುಕೊಂಡು ಬ್ರಷ್ ಮಾಡಿದರೆ ಅಂಚಿನಲ್ಲಿ ಸಿಕ್ಕಿಕೊಂಡ ಹಿಟ್ಟೇ ಮತ್ತೆ ಒಳಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಅದನ್ನು ತೆಗೆಯಬೇಕು. ಫೋನ್ ಸ್ವಿಚ್ ಆಫ್ ಮಾಡಿ, ಇಯರ್‌ಪೀಸಿನಿಂದ ದೂರದ, ಅಂದರೆ ಕೆಳಗಿನ ಮೂಲೆಯೊಂದರಲ್ಲಿ ಉಗುರಿನಿಂದ ಗ್ಲಾಸನ್ನು ತುಸು ಎತ್ತಿ, ಆ ಸಂದಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡ್ ತೂರಿಸಿ, ಅವಸರ ಮಾಡದೆ ಸರಿಸುತ್ತಾ ಹೋದರೆ ಗ್ಲಾಸ್ ಬಿಟ್ಟುಕೊಳ್ಳುತ್ತದೆ. ಚಾಕು, ಬ್ಲೇಡು ಬೇಡ. ಗ್ಲಾಸ್ ಒಡೆದಿದ್ದರೆ ಮೇಲೆ ಅಗಲವಾದ ಸೆಲ್ಲೋಟೇಪ್ ಅಂಟಿಸಿ ಎತ್ತಿದರೆ ಚೂರುಗಳು ಕೈಗೆ ಚುಚ್ಚುವುದಿಲ್ಲ, ಸೀಳಿಗೂ ಬೀಳುವುದಿಲ್ಲ.

ಗ್ಲಾಸ್ ತೆಗೆದು ವಾಯ್ಸ್ ಮೆಸೇಜ್ ಕೇಳಿದರೆ ಸದ್ದು ಏರಿದೆ, ಆದರೆ ಸಕಾರ ಇನ್ನೂ ಸ್ಪಷ್ಟವಿಲ್ಲ. ಗ್ಲಾಸಿನ ಪಾಲು ಎಷ್ಟು, ಕೊಳೆಯ ಪಾಲು ಎಷ್ಟು ಎಂಬುದು ಇಲ್ಲಿ ಬೇರೆಬೇರೆಯಾಗಿ ತಿಳಿಯಿತು.

ಈಗ ಬ್ರಷ್. ಹೊಸದಾದ, ಒಣಗಿದ, ಅತಿ ಮೃದು ಎಳೆಯ ಹಲ್ಲುಜ್ಜುವ ಬ್ರಷ್ ಆದೀತು. ಮಕ್ಕಳ ಬ್ರಷ್ ಇನ್ನೂ ಒಳ್ಳೆಯದು. ಬಣ್ಣ ಹಚ್ಚುವ ಸಣ್ಣ ಕುಂಚದ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೂ ನಡೆಯುತ್ತದೆ. ಫೋನನ್ನು ಪರದೆ ಕೆಳಮುಖವಾಗುವಂತೆ ತಲೆಯ ಮಟ್ಟಕ್ಕೆ ಎತ್ತಿ ಹಿಡಿದು, ಕೆಳಗಿನಿಂದ ಸೀಳಿನ ಉದ್ದಕ್ಕೂ ಹಗುರವಾಗಿ ಬ್ರಷ್ ಆಡಿಸಬೇಕು. ಹೀಗೆ ಮಾಡಿದಾಗ ಬಿಡಿಸಿಕೊಂಡ ಪುಡಿ ಕೆಳಗೆ ಉದುರುತ್ತದೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬ್ರಷ್ ಒತ್ತಿದರೆ ಅದೇ ಪುಡಿ ಜಾಲರಿಯ ಕಣ್ಣಿನೊಳಗೆ ಇಳಿಯುತ್ತದೆ. ಒತ್ತುವುದು ಬೇಡ, ಎಳೆಯ ತುದಿ ತಾಗಿದರೆ ಸಾಕು. ನಡುನಡುವೆ ಬ್ರಷ್ಷನ್ನು ಒಣಬಟ್ಟೆಗೆ ಕೊಡವುತ್ತಿರಬೇಕು. ಕರೆ ಕೇಳದಿದ್ದಾಗ ಆ್ಯಪಲ್ ಕಂಪನಿ ತನ್ನ ಐಫೋನಿಗೆ ಹೇಳುವ ಉಪಾಯವೂ ಇದೇ: ಕವರ್, ಗ್ಲಾಸ್, ಹಾಳೆ ತೆಗೆಯಿರಿ, ಶುಚಿಯಾದ, ಒಣಗಿದ, ಮೃದು ಎಳೆಯ ಸಣ್ಣ ಬ್ರಷ್ ಬಳಸಿ.

ಬ್ರಷ್ಷಿಗೆ ಬಗ್ಗದ ಪದರಕ್ಕೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಉಪಯೋಗಕ್ಕೆ ಬರುತ್ತದೆ. ಅದರ ಅಂಟು ಹಗುರ, ಕಲೆ ಉಳಿಸುವುದಿಲ್ಲ. ಅಂಟು ಹೊರಗೆ ಬರುವಂತೆ ತುಂಡೊಂದನ್ನು ಸುತ್ತಿ, ಸೀಳಿನ ಮೇಲೆ ಒತ್ತಿ ನೇರ ಮೇಲಕ್ಕೆ ಎತ್ತಬೇಕು. ಉಜ್ಜಬಾರದು. ಪ್ರತಿ ಸಲ ಟೇಪಿನ ಮೇಲೆ ಸೀಳಿನ ಆಕಾರದಲ್ಲೇ ಒಂದು ಬೂದು ಗೆರೆ ಮೂಡುತ್ತದೆ. ಹೊಸ ಜಾಗ ಹಿಡಿದು ಮತ್ತೆ ಒತ್ತಿ ಎತ್ತಬೇಕು. ಗೆರೆ ಮೂಡುವುದು ನಿಂತರೆ ಟೇಪಿನ ಕೆಲಸ ಮುಗಿಯಿತು. ಗಿರಣಿಯ ಫೋನಿನಲ್ಲಿ ಇಷ್ಟಾದ ಮೇಲೆ ಟಾರ್ಚ್ ಬೆಳಕಿಗೆ ಜಾಲರಿಯ ಕಪ್ಪು ಕಾಣುತ್ತದೆ, ಮೂಲೆಗಳಲ್ಲಿ ಮಾತ್ರ ಗಟ್ಟಿಯಾದ ಚೂರು ಉಳಿದಿದೆ. ಅದೇ ವಾಯ್ಸ್ ಮೆಸೇಜಿನಲ್ಲಿ ತೊಂಬತ್ತು ತೊಂಬತ್ತಾಗಿಯೇ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಉಳಿದ ಆ ಚೂರನ್ನೂ ಬಿಡಿಸುತ್ತೇನೆಂದು ಹೊರಟಾಗಲೇ ಜಾಲರಿ ಹರಿಯುವುದು.

ಮಾಡಬಾರದ್ದು

ಗುಂಡುಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ, ಹಲ್ಲುಕಡ್ಡಿ ಯಾವುದೂ ಸೀಳಿನ ಹತ್ತಿರ ಬರಬಾರದು. ಜಾಲರಿಯ ಹಿಂದೆ ಸ್ವಲ್ಪವೇ ದೂರದಲ್ಲಿ ಸ್ಪೀಕರಿನ ಪೊರೆಯಿದೆ. ಚುಚ್ಚಿದ ಕ್ಷಣ ದನಿ ಸ್ಪಷ್ಟವಾದಂತೆ ಅನ್ನಿಸಲೂಬಹುದು, ಏಕೆಂದರೆ ಜಾಲರಿಯಲ್ಲಿ ತೂತು ಬಿದ್ದಿದೆ. ಆ ತೂತಿನಿಂದ ಮುಂದೆ ಧೂಳು ನೇರವಾಗಿ ಪೊರೆಯ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಬ್ರಷ್ ಯಾವ ಕೆಲಸಕ್ಕೂ ಬಾರದು.

ಬಾಯಿಂದ ಊದಿದರೆ ಗಾಳಿಯ ಜೊತೆ ಉಗುಳಿನ ತೇವವೂ ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ, ಕ್ಯಾನಿನಲ್ಲಿ ಬರುವ ಒತ್ತಡದ ಗಾಳಿ ಕೊಳೆಯನ್ನು ಹೊರಗೆ ಎಳೆಯುವುದಿಲ್ಲ, ಒಳಕ್ಕೆ ತಳ್ಳುತ್ತದೆ. ಸ್ಯಾನಿಟೈಸರ್, ನೀರು, ಥಿನ್ನರ್, ಪೆಟ್ರೋಲ್ ಇವು ಜಿಡ್ಡನ್ನು ಕರಗಿಸಿ ಜಾಲರಿಯ ಹಿಂದಕ್ಕೆ ಹರಿಸುತ್ತವೆ, ಜಾಲರಿ ಕೂರಿಸಿದ ಅಂಟನ್ನೂ ಸಡಿಲಿಸಬಹುದು. ಗಿರಣಿಯ ಫೋನಿಗಂತೂ ಒದ್ದೆ ಸೋಕಿಸಲೇಬಾರದು, ಹಿಟ್ಟಿಗೆ ನೀರು ಸೇರಿದರೆ ಅದು ಗೋಂದು. ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುವ ರಿಪೇರಿಯವರಿದ್ದಾರೆ ನಿಜ. ಅವರು ಫೋನ್ ಬಿಚ್ಚಿ, ಸ್ಪೀಕರನ್ನು ಪಕ್ಕಕ್ಕಿಟ್ಟು ಜಾಲರಿಯನ್ನಷ್ಟೇ ಒರೆಸಬಲ್ಲರು. ಮುಚ್ಚಿದ ಫೋನಿನ ಮೇಲೆ ಹನಿಸುವುದು ಬೇರೆ ಮಾತು.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಗ್ರೈಂಡಿಂಗ್ ಮೆಷಿನ್‌ಗಳ ಹತ್ತಿರ ದುಡಿಯುವವರಿಗೆ ಇನ್ನೊಂದು ತೊಡಕಿದೆ. ಇಯರ್‌ಪೀಸಿನೊಳಗೆ ಅಯಸ್ಕಾಂತ ಇರುವುದರಿಂದ ಗಾಳಿಯಲ್ಲಿ ಹಾರುವ ಕಬ್ಬಿಣದ ಪುಡಿಯನ್ನು ಅದು ತಾನಾಗಿ ಸೆಳೆದುಕೊಳ್ಳುತ್ತದೆ. ಈ ಪುಡಿ ಬ್ರಷ್ಷಿಗೆ ಬಿಡಿಸಿಕೊಂಡರೂ ಅಲ್ಲೇ ಮತ್ತೆ ಹೋಗಿ ಅಂಟುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಟೇಪೇ. ಜಾಲರಿ ದಾಟಿ ಒಳಸೇರಿದ ಕಬ್ಬಿಣದ ಕಣ ಪೊರೆಗೆ ತಾಗಿ, ದೊಡ್ಡ ದನಿಗೆ ಗರಗರ ಎನ್ನತೊಡಗಿದರೆ ಸ್ಪೀಕರ್ ಬದಲಿಸದೆ ವಿಧಿಯಿಲ್ಲ. ಕೆಲಸದ ಹೊತ್ತಿನಲ್ಲಿ ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಇಷ್ಟು ದೂರ ಹೋಗುವುದಿಲ್ಲ.

ಅಂಗಡಿಗೆ ಹೋಗಬೇಕಾದಾಗ

ಗ್ಲಾಸ್ ತೆಗೆದು, ಬ್ರಷ್ ಆಡಿಸಿ, ಟೇಪ್ ಒತ್ತಿದ ಮೇಲೂ ಜಾಲರಿ ಕಣ್ಣಿಗೆ ಶುಚಿಯಾಗಿ ಕಾಣುತ್ತಿದ್ದು ದನಿ ಮಂಕಾಗಿಯೇ ಇದ್ದರೆ ತೊಂದರೆ ಜಾಲರಿಯ ಹಿಂದಿದೆ. ದನಿಯೇ ಬಾರದಿದ್ದರೆ ಕೊಳೆಯನ್ನು ದೂರುವುದರಲ್ಲಿ ಅರ್ಥವಿಲ್ಲ. 2020ರ ಅಕ್ಟೋಬರ್‌ನಿಂದ 2021ರ ಏಪ್ರಿಲ್ ನಡುವೆ ತಯಾರಾದ ಕೆಲವು ಐಫೋನ್ 12 ಮತ್ತು 12 ಪ್ರೊ ಫೋನುಗಳಲ್ಲಿ ರಿಸೀವರಿನ ಒಂದು ಭಾಗವೇ ಕೆಡುತ್ತಿತ್ತು. ಅದನ್ನು ಉಚಿತವಾಗಿ ಸರಿಪಡಿಸಿಕೊಡುವುದಾಗಿ 2021ರಲ್ಲಿ ಆ್ಯಪಲ್ ಪ್ರಕಟಿಸಿತ್ತು. ಅಂಥ ಫೋನಿಗೆ ಬ್ರಷ್ ಏನು ಮಾಡೀತು?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಮಳಿಗೆಯೇ ಇರಲಿ, ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯೇ ಇರಲಿ, ಅಲ್ಲಿ ಮೊದಲು ಕೇಳಬೇಕಾದ್ದು ಬದಲಿಸುವುದು ಮೆಶ್ಶನ್ನೋ ಸ್ಪೀಕರನ್ನೋ ಎಂದು. ಎರಡೂ ಬೇರೆ ಕೆಲಸ, ಬೇರೆ ಬೆಲೆ. ಯಾವುದಕ್ಕಾದರೂ ಫೋನ್ ಬಿಚ್ಚಲೇಬೇಕು. ಬಿಚ್ಚಿದಾಗ ನೀರು ತಡೆಯುವ ಅಂಟಿನ ಪಟ್ಟಿ ಹರಿಯುತ್ತದೆ, ಹೊಸ ಪಟ್ಟಿ ಹಾಕಿ ಮುಚ್ಚುತ್ತಾರೆಯೇ ಎಂದು ವಿಚಾರಿಸಬೇಕು. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗುವುದು ಸರಿ. ಐಫೋನ್ ಎಕ್ಸ್‌ನಿಂದ 12ರವರೆಗಿನ ಮಾದರಿಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅವುಗಳಲ್ಲಿ ಇಯರ್‌ಪೀಸಿನ ಜೊತೆಗೇ ಮುಖ ಗುರುತಿಸುವ ಫೇಸ್ ಐಡಿಯ ಸೆನ್ಸರ್ ಒಂದೇ ಪಟ್ಟಿಯಲ್ಲಿ ಇರುತ್ತದೆ. ಅದು ಆ ಫೋನಿಗೆ ಮಾತ್ರ ಹೊಂದಿಕೊಂಡಿದ್ದು. ಇಡೀ ಪಟ್ಟಿಯನ್ನು ಬೇರೆಯದಕ್ಕೆ ಬದಲಿಸಿದರೆ ದನಿ ಬರುತ್ತದೆ, ಫೇಸ್ ಐಡಿ ಹೋಗುತ್ತದೆ.

ಕೊನೆಯದಾಗಿ, ಫೋನನ್ನು ಬೇರೆಯವರ ಕಿವಿಗೂ ಇಟ್ಟು ನೋಡಬೇಕು ಎಂದದ್ದಕ್ಕೆ ಕಾರಣವಿದೆ. ವಯಸ್ಸಾದಂತೆ ಕಿವಿಯೂ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಾಂಕದ ಸದ್ದನ್ನೇ. ಕಟ್ಟಿಕೊಂಡ ಜಾಲರಿ ಮಾಡುವುದೂ ಅದನ್ನೇ. ಆದ್ದರಿಂದ ಅಜ್ಜನ ದೂರು ಫೋನಿನದೋ ಕಿವಿಯದೋ ಎಂಬುದು ಅಜ್ಜನ ಮಾತಿನಿಂದಷ್ಟೇ ತಿಳಿಯುವುದಿಲ್ಲ. ಮೊಮ್ಮಗಳ ಕಿವಿಗೆ ಸ್ಪಷ್ಟ, ಅಜ್ಜನ ಕಿವಿಗೆ ಮಂಕು, ಬೇರೆ ಫೋನಿನಲ್ಲೂ ಹಾಗೇ ಎಂದಾದರೆ ಫೋನ್ ಬದಲಿಸಿ ಫಲವಿಲ್ಲ. ಕಿವಿಯ ಗುಗ್ಗೆ ಕಟ್ಟಿಕೊಂಡಿದೆಯೇ ಎಂದು ವೈದ್ಯರು ನೋಡಬೇಕು, ಅಗತ್ಯವಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ.

ಮುಂದಿನ ಸಲ ಟೆಂಪರ್ಡ್ ಗ್ಲಾಸ್ ಹಾಕಿಸುವಾಗ ಎರಡು ಕೆಲಸ ಮಾಡಿ. ಅಂಟಿಸುವ ಮೊದಲು ಸೀಳನ್ನು ಒಣ ಬ್ರಷ್ಷಿನಿಂದ ಶುಚಿ ಮಾಡಲು ಹೇಳಿ. ಅಂಟಿಸಿದ ಮೇಲೆ, ಹಣ ಕೊಡುವ ಮೊದಲು, ಅಲ್ಲೇ ನಿಂತು ಯಾರಿಗಾದರೂ ಒಂದು ಕರೆ ಮಾಡಿ, ಸ್ಪೀಕರ್ ಆನ್ ಮಾಡದೆ ಕಿವಿಗೆ ಹಿಡಿದು ಕೇಳಿ. ಮಾತು ಮೊದಲಿನಷ್ಟು ಸ್ಪಷ್ಟವಿಲ್ಲದಿದ್ದರೆ ಗ್ಲಾಸನ್ನು ತೆಗೆಸಿ, ಸರಿಯಾಗಿ ಕೂರಿಸಲು ಹೇಳಿ.